ಹಾವಿನ ಕನಸು ಮತ್ತು ಬೆಂಜೀನಿನ ಉಂಗುರ

ಕೇಳುಗರೆಲ್ಲರಿಗೂ ನಮಸ್ಕಾರ.

ಋಷಿಮೂಲ, ನದಿಮೂಲ ಹುಡುಕಬಾರದು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಆದರೆ ಒಂದು ಮಾತು ಕಿವಿಗೆ ಬಿದ್ದ ಕೂಡಲೇ ನಾವು ಮೊದಲು ಕೇಳುವುದೇ ಮೂಲವನ್ನು. ಯಾರು ಹೇಳಿದ್ದು? ಎಲ್ಲಿಂದ ಬಂತು? ಅದು ಗೊತ್ತಾದರೆ ಸಾಕು, ಮಾತು ಸರಿಯೋ ತಪ್ಪೋ ಅಂತ ಅಲ್ಲೇ ತೀರ್ಮಾನ ಮಾಡಿಬಿಡುತ್ತೇವೆ. ತರ್ಕಶಾಸ್ತ್ರದಲ್ಲಿ ಈ ತಪ್ಪಿಗೆ ಜೆನೆಟಿಕ್ ಫ್ಯಾಲಸಿ ಅನ್ನುತ್ತಾರೆ. ಮಾರಿಸ್ ಕೋಹೆನ್ ಮತ್ತು ಅರ್ನೆಸ್ಟ್ ನೇಗಲ್ 1934ರ ತಮ್ಮ ಪಠ್ಯಪುಸ್ತಕದಲ್ಲಿ ಇದೇ ಹೆಸರಿನಲ್ಲಿ ಇದನ್ನು ಚರ್ಚಿಸಿದ್ದಾರೆ. ಜೀನು, ವಂಶವಾಹಿ ಇದಕ್ಕೆಲ್ಲ ಇಲ್ಲಿ ಸಂಬಂಧವಿಲ್ಲ. ಮಾತಿನ ಹುಟ್ಟನ್ನು ನೋಡಿ ಮಾತಿನ ಬೆಲೆ ಕಟ್ಟುವುದು, ಅಷ್ಟೇ.

ನನಗೆ ಇದು ಸರಿಯಾಗಿ ಅರ್ಥವಾದದ್ದು ಬೆಂಜೀನಿನ ಕಥೆಯಿಂದ. ಆ ಕಥೆಯನ್ನೇ ಇವತ್ತು ಹೇಳುತ್ತೇನೆ.

ಬೆಂಜೀನ್ ಅನ್ನುವ ದ್ರವವನ್ನು 1825ರಲ್ಲಿ ಮೈಕೆಲ್ ಫ್ಯಾರಡೆ ಬೇರ್ಪಡಿಸಿದರು. ಅದರಲ್ಲಿ ಆರು ಇಂಗಾಲ, ಆರು ಹೈಡ್ರೋಜನ್ ಪರಮಾಣುಗಳಿವೆ. ತೊಡಕು ಇರುವುದು ಇಲ್ಲೇ. ಒಂದು ಇಂಗಾಲಕ್ಕೆ ನಾಲ್ಕು ಕೈ ಅಂದುಕೊಳ್ಳಿ. ಆರು ಇಂಗಾಲಗಳು ಸಾಲಾಗಿ ಕೈ ಹಿಡಿದು ನಿಂತರೆ ಇನ್ನೂ ಹದಿನಾಲ್ಕು ಕೈಗಳು ಖಾಲಿ ಉಳಿಯುತ್ತವೆ, ಅಂದರೆ ಹದಿನಾಲ್ಕು ಹೈಡ್ರೋಜನ್ ಬೇಕು. ಬೆಂಜೀನಿನಲ್ಲಿ ಇರುವುದು ಆರೇ. ಹಾಗಾದರೆ ಇವು ಹೇಗೆ ಜೋಡಿಕೊಂಡಿವೆ?

1865ರಲ್ಲಿ ಬೆಲ್ಜಿಯಂನ ಗೆಂಟ್ ಊರಿನಲ್ಲಿ ಪಾಠ ಮಾಡುತ್ತಿದ್ದ ಜರ್ಮನ್ ರಸಾಯನಶಾಸ್ತ್ರಜ್ಞ ಆಗಸ್ಟ್ ಕೆಕುಲೆ ಉತ್ತರ ಕೊಟ್ಟರು: ಸಾಲು ಅಲ್ಲ, ಉಂಗುರ. ಇಪ್ಪತ್ತೈದು ವರ್ಷ ಕಳೆದು, 1890ರಲ್ಲಿ ಬರ್ಲಿನ್ನಿನಲ್ಲಿ ಅವರಿಗೆ ದೊಡ್ಡ ಸನ್ಮಾನ ನಡೆಯಿತು. ಅಲ್ಲಿ ಅವರು ಒಂದು ಸಂಗತಿ ಹೇಳಿದರು. ಬೆಂಕಿಯ ಮುಂದೆ ಕೂತು ತೂಕಡಿಸುತ್ತಿದ್ದಾಗ ಪರಮಾಣುಗಳ ಸಾಲುಗಳು ಹಾವಿನಂತೆ ಹೊರಳಾಡುವುದು ಕಂಡಿತಂತೆ, ಅದರಲ್ಲಿ ಒಂದು ಹಾವು ತನ್ನ ಬಾಲವನ್ನೇ ಕಚ್ಚಿಕೊಂಡಿತಂತೆ. ಎಚ್ಚರವಾದ ಮೇಲೆ ಉಳಿದ ರಾತ್ರಿಯೆಲ್ಲ ಕೂತು, ಹೀಗಿದ್ದರೆ ಏನೇನಾಗಬೇಕು ಅಂತ ಲೆಕ್ಕ ಹಾಕಿದರಂತೆ.

ಇದನ್ನು ಕೇಳಿದ ಮೇಲೆ ಒಬ್ಬರು, ಕನಸು ನಂಬಿಕೊಂಡು ವಿಜ್ಞಾನ ಮಾಡುತ್ತಾರಾ ಅಂತ ತಳ್ಳಿಹಾಕಬಹುದು. ಇನ್ನೊಬ್ಬರು, ಒಳಗಿನಿಂದ ತಾನಾಗಿ ಹೊಳೆದದ್ದು, ಅದು ಸುಳ್ಳಾಗಲು ಸಾಧ್ಯವೇ ಇಲ್ಲ ಅಂತ ಕೈ ಮುಗಿಯಬಹುದು. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಇಬ್ಬರೂ ನೋಡಿದ್ದು ಕನಸನ್ನು, ಬೆಂಜೀನನ್ನಲ್ಲ.

ಬೆಂಜೀನನ್ನು ನೋಡುವುದು ಹೇಗೆ? ಆರು ಮೂಲೆಯ ಒಂದು ಆಕೃತಿಯನ್ನು ಮನಸ್ಸಿನಲ್ಲೇ ಬರೆದುಕೊಳ್ಳಿ. ಮೂಲೆಗೊಂದು ಇಂಗಾಲ, ಅದಕ್ಕೊಂದು ಹೈಡ್ರೋಜನ್. ಈಗ ಒಂದು ಹೈಡ್ರೋಜನ್ ತೆಗೆದು ಅಲ್ಲಿ ಕ್ಲೋರಿನ್ ಇಡಿ. ಯಾವ ಮೂಲೆಯಲ್ಲಿ ಇಟ್ಟರೂ ಒಂದೇ, ಆಕೃತಿಯನ್ನು ತಿರುಗಿಸಿದರೆ ಎಲ್ಲವೂ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ಒಂದು ಕ್ಲೋರಿನ್ ಇರುವ ಪದಾರ್ಥ ಒಂದೇ ಬಗೆಯದು ಸಿಗಬೇಕು. ಎರಡು ಇಟ್ಟರೆ? ಮೊದಲನೆಯದು ಒಂದನೇ ಮೂಲೆಯಲ್ಲಿರಲಿ. ಎರಡನೆಯದು ಪಕ್ಕದಲ್ಲಿ ಕೂರಬಹುದು, ಒಂದು ಮೂಲೆ ಬಿಟ್ಟು ಕೂರಬಹುದು, ಇಲ್ಲ ನೇರ ಎದುರಿಗೆ ಕೂರಬಹುದು. ಮೂರೇ ಬಗೆ, ಜಾಸ್ತಿ ಇಲ್ಲ. ಇದನ್ನು ಪ್ರಯೋಗಶಾಲೆಯಲ್ಲಿ ಎಣಿಸಿ ನೋಡಬಹುದು, ಯಾಕೆಂದರೆ ಮೂರರ ಕರಗುವ ಉಷ್ಣತೆ ಬೇರೆ ಬೇರೆ. ಎದುರುಬದುರು ಕೂತದ್ದು ಬಿಳಿ ಹರಳು, ಬಟ್ಟೆಯ ನಡುವೆ ಇಡುವ ನುಸಿಗುಳಿಗೆಯಲ್ಲಿ ಅದನ್ನು ಬಳಸುತ್ತಾರೆ. ಉಳಿದೆರಡು ನಮ್ಮ ಸಾಮಾನ್ಯ ಹವೆಯಲ್ಲಿ ದ್ರವ. ರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ಹುಡುಕಿದರು. ಸಿಕ್ಕಿದ್ದು ಮೂರೇ.

ಆದರೆ ಕೆಕುಲೆಯ ಚಿತ್ರದಲ್ಲೇ ಒಂದು ಕೊರತೆ ಇತ್ತು. ಉಂಗುರದ ಬದಿಗಳಲ್ಲಿ ಒಂದು ಬಿಟ್ಟು ಒಂದು ಜೋಡಿ ಬಂಧ, ಅಂದರೆ ಎರಡೆರಡು ಕೈ ಹಿಡಿದ ಜೋಡಣೆ, ಅಂತ ಅವರು ಬರೆದಿದ್ದರು. ಹಾಗಿದ್ದರೆ ಅಕ್ಕಪಕ್ಕ ಕೂರುವುದರಲ್ಲೇ ಎರಡು ಬಗೆ ಆಗಬೇಕು: ನಡುವೆ ಜೋಡಿ ಬಂಧ ಇರುವುದು ಒಂದು, ಒಂಟಿ ಬಂಧ ಇರುವುದು ಇನ್ನೊಂದು. ಆಗ ಒಟ್ಟು ನಾಲ್ಕು ಸಿಗಬೇಕಿತ್ತು. 1872ರಲ್ಲಿ ಕೆಕುಲೆ, ಬಂಧಗಳು ಒಂದೇ ಕಡೆ ನಿಲ್ಲದೆ ಅತ್ತಿತ್ತ ಬದಲಾಗುತ್ತಲೇ ಇರುತ್ತವೆ ಅಂತ ತಿದ್ದಿಕೊಂಡರು. ಇನ್ನೊಂದು ಕಡೆ ಆಲ್ಬರ್ಟ್ ಲಾಡೆನ್‌ಬರ್ಗ್ ಅನ್ನುವವರು ಉಂಗುರವೇ ಬೇಡ, ಮೂರು ಬದಿಯ ಪಟ್ಟಕದ ಆಕಾರ ಸಾಕು ಅಂದರು. ಅದರಲ್ಲಿ ಎಣಿಸಿದರೂ ಮೂರೇ ಬರುತ್ತದೆ! ಹಾಗಾಗಿ ಎಣಿಕೆಯೊಂದೇ ಸಾಕಾಗಲಿಲ್ಲ, ಬೇರೆ ಪುರಾವೆ ಬೇಕಾಯಿತು. 1929ರಲ್ಲಿ ಕ್ಯಾಥ್ಲೀನ್ ಲಾನ್ಸ್‌ಡೇಲ್ ಬೆಂಜೀನಿನದೇ ಒಂದು ಸಂಬಂಧಿ ಪದಾರ್ಥದ ಹರಳಿಗೆ ಎಕ್ಸ್-ರೇ ಹಾಯಿಸಿ, ಉಂಗುರ ಚಪ್ಪಟೆಯಾದ ಆರು ಮೂಲೆಯ ಆಕೃತಿ ಅಂತ ತೋರಿಸಿದರು. ಈ ವಾದವಿವಾದದಲ್ಲಿ ಹಾವು ಎಲ್ಲಾದರೂ ಬಂತಾ? ಎಲ್ಲೂ ಬರಲಿಲ್ಲ.

ಈಗ ಒಂದು ತಿರುವು. 1984ರಲ್ಲಿ ಜಾನ್ ವೋಟಿಜ್ ಮತ್ತು ಸುಸಾನಾ ರುಡೋಫ್‌ಸ್ಕಿ, ಆ ಕನಸು ಬಿದ್ದೇ ಇರಲಿಲ್ಲ, ಕೆಕುಲೆ ಅದನ್ನು ಕಟ್ಟಿ ಹೇಳಿದ್ದು ಅಂತ ವಾದಿಸಿದರು. ಕೆಕುಲೆಗಿಂತ ಮುಂಚೆಯೇ, 1861ರಲ್ಲಿ, ಯೋಸೆಫ್ ಲೋಶ್ಮಿಟ್ ಬೆಂಜೀನಿಗೆ ದುಂಡನೆಯ ವೃತ್ತ ಬರೆದಿದ್ದರು ಅಂತ ಇನ್ನೊಂದು ತಕರಾರೂ ಇದೆ. ಇದೆಲ್ಲ ನಿಜವೇ ಆಗಿದ್ದರೆ ಕೆಕುಲೆಯ ಹೆಸರಿಗೆ ಸ್ವಲ್ಪ ಪೆಟ್ಟು ಬೀಳಬಹುದು. ಬೆಂಜೀನಿಗೆ ಏನೂ ಆಗುವುದಿಲ್ಲ.

ಹಾಗಂತ ಮೂಲ ಕೇಳುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕನಸು ನಿಜವಾಗಿ ಬಿದ್ದಿತ್ತಾ ಅನ್ನುವುದಕ್ಕೆ ನಮ್ಮ ಹತ್ತಿರ ಇರುವುದು ಕೆಕುಲೆಯ ಬಾಯಿಮಾತು ಮಾತ್ರ. ಅಲ್ಲಿ ಹೇಳಿದವರು ಯಾರು, ಎಷ್ಟು ವರ್ಷ ಬಿಟ್ಟು ಹೇಳಿದರು, ಹೇಳುವುದರಿಂದ ಅವರಿಗೇನು ಲಾಭ ಅಂತ ಕೇಳಲೇಬೇಕು. ನ್ಯಾಯಾಲಯದಲ್ಲಿ ಸಾಕ್ಷಿಯನ್ನು ಪ್ರಶ್ನಿಸುವುದೂ ಇದಕ್ಕೇ. ಮಾತಿನ ಬಲವೆಲ್ಲ ಹೇಳಿದವರ ಮೇಲೆಯೇ ನಿಂತಿರುವಾಗ ಹೇಳಿದವರನ್ನು ಪರೀಕ್ಷಿಸಬೇಕು. ಮೂರು ಬಗೆಯ ಹರಳನ್ನೋ ದ್ರವವನ್ನೋ ಯಾರು ಬೇಕಾದರೂ ಮಾಡಿ ನೋಡಬಹುದಾದಾಗ ಹೇಳಿದವರನ್ನು ಬದಿಗಿಡಬಹುದು. ಈ ಎರಡನ್ನು ಕಲಸಿಬಿಟ್ಟರೇ ಎಡವಟ್ಟು.

ಎಷ್ಟು ದೊಡ್ಡ ಎಡವಟ್ಟು ಅಂದರೆ, ಜರ್ಮನಿಯಲ್ಲಿ ಭೌತಶಾಸ್ತ್ರಜ್ಞರಾದ ಫಿಲಿಪ್ ಲೆನಾರ್ಡ್ ಮತ್ತು ಯೊಹಾನೆಸ್ ಸ್ಟಾರ್ಕ್ ಐನ್‌ಸ್ಟೈನರ ಸಾಪೇಕ್ಷತೆಯನ್ನು ಯಹೂದಿ ಭೌತಶಾಸ್ತ್ರ ಅಂತ ಕರೆದು ತಳ್ಳಿಹಾಕಿದರು. ಇವರೇನು ಓದು ಬರಹ ಇಲ್ಲದವರಲ್ಲ, ಇಬ್ಬರಿಗೂ ನೊಬೆಲ್ ಬಂದಿತ್ತು. ಯಹೂದಿಯೇ ಅಲ್ಲದ ಭೌತಶಾಸ್ತ್ರಜ್ಞ ಹೈಸೆನ್‌ಬರ್ಗ್ ಅದನ್ನು ಪಾಠ ಮಾಡಿದ್ದಕ್ಕೆ, 1937ರಲ್ಲಿ ನಾಜಿ ಪತ್ರಿಕೆಯೊಂದು ಅವರನ್ನು ಬಿಳಿ ಯಹೂದಿ ಅಂತ ಹಳಿಯಿತು. ಹುಟ್ಟು ನೋಡುತ್ತಾ ಹೊರಟವರು ಕೊನೆಗೆ ಹುಟ್ಟನ್ನೂ ಸರಿಯಾಗಿ ನೋಡಲಿಲ್ಲ.

ನಮಗೆ ಇನ್ನೂ ಹತ್ತಿರದ ಒಬ್ಬರ ಮಾತು ಹೇಳಿ ಮುಗಿಸುತ್ತೇನೆ. ಶ್ರೀನಿವಾಸ ರಾಮಾನುಜನ್ ತಮ್ಮ ಸೂತ್ರಗಳನ್ನು ನಾಮಗಿರಿ ತಾಯಿ ಕನಸಿನಲ್ಲಿ ತಿಳಿಸುತ್ತಾಳೆ ಅಂತ ಗೆಳೆಯರಿಗೆ ಹೇಳುತ್ತಿದ್ದರು. 1913ರಲ್ಲಿ ಮದ್ರಾಸಿನಿಂದ ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಅವರು ಬರೆದ ಪತ್ರಗಳಲ್ಲಿ ಕಣ್ಣರಳಿಸುವ ಸೂತ್ರಗಳಿದ್ದವು. ಹಾರ್ಡಿ ಮತ್ತು ಲಿಟಲ್‌ವುಡ್ ಅವುಗಳನ್ನು ಒಂದೊಂದಾಗಿ ಕೂತು ನೋಡಿದರು. ಕೆಲವು ಆಗಲೇ ಗೊತ್ತಿದ್ದವು, ಹಲವು ಹೊಸವು. ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ ಅಂತ ಎಣಿಸಲು ರಾಮಾನುಜನ್ ಕೊಟ್ಟಿದ್ದ ಸೂತ್ರ ಮಾತ್ರ, ಅವರು ಹೇಳಿಕೊಂಡಷ್ಟು ನಿಖರವಾಗಿರಲಿಲ್ಲ. ಹಾರ್ಡಿ ಅದನ್ನು ತಪ್ಪು ಅಂತಲೇ ಬರೆದರು, ಮತ್ತು ರಾಮಾನುಜನ್ ಅವರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡರು.

ನಮಸ್ಕಾರ.