ಹಾಕಿದ ತೇಪೆ ಯಾಕೆ ಕಿತ್ತು ಬರುತ್ತದೆ?

ಕೇಳುಗರಿಗೆ ನಮಸ್ಕಾರ. ಡಾಂಬರು ರಸ್ತೆಯ ಗುಂಡಿಗೆ ತೇಪೆ ಹಾಕುತ್ತಾರೆ, ಮುಂದಿನ ಮಳೆಗೆ ಅದೇ ಜಾಗದಲ್ಲಿ ಮತ್ತೆ ಗುಂಡಿ. ಡಾಂಬರು ಕಡಿಮೆ ಹಾಕಿದ್ದಾರೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕೆಲವು ಕಡೆ ಅದೂ ನಿಜ ಇರಬಹುದು. ಆದರೆ ಕಿತ್ತುಹೋದ ತೇಪೆಯನ್ನು ಒಮ್ಮೆ ಬಗ್ಗಿ ನೋಡಿ. ಎಷ್ಟೋ ಸಲ ನಡುಭಾಗ ಗಟ್ಟಿಯಾಗಿಯೇ ಇರುತ್ತದೆ, ಒಡೆದಿರುವುದು ಅಂಚಿನಲ್ಲಿ. ಹಳೆ ರಸ್ತೆಯೂ ಹೊಸ ಮಾಲೂ, ಅಂದರೆ ಡಾಂಬರು ಬೆರೆಸಿದ ಜಲ್ಲಿಯೂ, ಕೂಡುವ ಆ ಗೆರೆ ಇದೆಯಲ್ಲ, ತೇಪೆಯ ಆಯಸ್ಸು ನಿರ್ಧಾರವಾಗುವುದು ಅಲ್ಲಿ. ಇವತ್ತಿನ ಮಾತು ಅದರ ಬಗ್ಗೆಯೇ.

ಮೊದಲು ಗುಂಡಿ ಹುಟ್ಟುವ ಬಗೆ ನೋಡೋಣ. ರಸ್ತೆ ಇದ್ದಕ್ಕಿದ್ದಂತೆ ಗುಂಡಿ ಬೀಳುವುದಿಲ್ಲ. ಭಾರದ ಗಾಡಿಗಳು ಓಡಾಡಿ ಓಡಾಡಿ ಡಾಂಬರು ಪದರ ಬಾಗಿ ಏಳುತ್ತಾ ಇರುತ್ತದೆ, ಕೊನೆಗೆ ದಣಿದು ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆ ಬಿರುಕುಗಳು ಒಂದಕ್ಕೊಂದು ಸೇರಿ ಬಲೆಯಂತಾಗುತ್ತವೆ. ಈಗ ಮಳೆ ನೀರು ಒಳಗೆ ಇಳಿಯಿತು ಅಂದುಕೊಳ್ಳಿ. ಲಾರಿಯ ಚಕ್ರ ಮೇಲೆ ಬಂದಾಗ ಆ ನೀರಿಗೆ ಹೋಗಲು ಜಾಗ ಇಲ್ಲ, ಸಿರಿಂಜ್ ಒತ್ತಿದ ಹಾಗೆ ಜೋರಾಗಿ ಪಕ್ಕಕ್ಕೂ ಮೇಲಕ್ಕೂ ನುಗ್ಗುತ್ತದೆ, ಹೋಗುವಾಗ ಕೆಳಗಿನ ಪದರದ ನುಣ್ಣನೆ ಪುಡಿಯನ್ನೂ ಎಳೆದುಕೊಂಡು ಹೋಗುತ್ತದೆ. ಮಳೆ ನಿಂತ ಮೇಲೆ ಬಿರುಕಿನ ಸುತ್ತ ಕೆಸರಿನ ಕಲೆ ಕಂಡರೆ ಒಳಗೆ ಟೊಳ್ಳಾಗುತ್ತಿದೆ ಅಂತಲೇ ಅರ್ಥ. ಅಲ್ಲಿಂದ ಒಂದು ತುಂಡು ಎದ್ದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ.

ನೀರಿನ ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಜಲ್ಲಿಕಲ್ಲಿಗೆ ಡಾಂಬರಿಗಿಂತ ನೀರಿನ ಮೇಲೆ ಹೆಚ್ಚು ಸೆಳೆತ. ಸಿಲಿಕಾ ಜಾಸ್ತಿ ಇರುವ ಕಲ್ಲಿನಲ್ಲಿ ಇದು ಇನ್ನೂ ಹೆಚ್ಚು. ನೀರು ಬಹಳ ದಿನ ಒಳಗೇ ನಿಂತರೆ ಕಲ್ಲಿನ ಮೈಯಿಂದ ಡಾಂಬರು ಬಿಟ್ಟುಕೊಳ್ಳುತ್ತದೆ. ಗುಂಡಿಯ ಪಕ್ಕ ಬಿದ್ದ ಜಲ್ಲಿ ಬೆಳ್ಳಗೆ, ತೊಳೆದಿಟ್ಟ ಹಾಗೆ ಕಾಣುವುದು ಇದರಿಂದ. ಇದನ್ನು ತಡೆಯಲು ಮಾಲು ಮಾಡುವಾಗಲೇ ಜಲ್ಲಿಯ ತೂಕದ ಶೇ. 1ರಿಂದ 2ರಷ್ಟು ಅರಳಿಸಿದ ಸುಣ್ಣದ ಪುಡಿ ಸೇರಿಸುತ್ತಾರೆ. ಬಹಳ ಒಳ್ಳೆ ಪದ್ಧತಿ ಅದು.

ಅಂದರೆ ಕಣ್ಣಿಗೆ ಕಾಣುವ ಗುಂಡಿಗಿಂತ ಕೆಟ್ಟಿರುವ ಜಾಗ ಯಾವಾಗಲೂ ದೊಡ್ಡದು. ಕಂಡಷ್ಟನ್ನೇ ತುಂಬಿದರೆ ತೇಪೆಯ ಅಂಚು ಕೆಟ್ಟ ರಸ್ತೆಯ ಮೇಲೇ ಕೂರುತ್ತದೆ.

ಒಂದು ಗುಂಡಿಯನ್ನೇ ತೆಗೆದುಕೊಳ್ಳೋಣ. ಮೇಲಿನಿಂದ ನೋಡಿದರೆ 80 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಅಗಲ. ಸುತ್ತಲೂ ಹಾರೆಯ ಹಿಂಬದಿಯಿಂದ ಬಡಿಯುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಠಣ್ ಅನ್ನುತ್ತದೆ, ಬಿಟ್ಟುಕೊಂಡಲ್ಲಿ ಬೊದ್ದು ಸದ್ದು ಬರುತ್ತದೆ. ಗಟ್ಟಿ ಸದ್ದು ಸಿಗುವವರೆಗೂ ಹೋಗಿ ಅಲ್ಲಿ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ನಮ್ಮ ಗುಂಡಿ 1.2 ಮೀಟರ್‌ಗೆ 1 ಮೀಟರ್ ಆಯಿತು ಅನ್ನಿ. ಗೆರೆ ನೇರ ಇರಬೇಕು. ಕಟರ್ ಇಟ್ಟು ಗೆರೆಯ ಮೇಲೆ ಕೊಯ್ದು, ಒಳಗಿನದನ್ನೆಲ್ಲಾ ಒಡೆದು ತೆಗೆಯಬೇಕು, ಗೋಡೆ ನೆಟ್ಟಗೆ ನಿಲ್ಲಬೇಕು. ಅಂಚು ಇಳಿಜಾರಾಗಿದ್ದರೆ ತೇಪೆ ಅಲ್ಲಿ ತೆಳ್ಳಗಾಗುತ್ತದೆ, ತೆಳ್ಳಗಿದ್ದದ್ದು ಮೊದಲು ಉದುರುತ್ತದೆ. ನಮ್ಮ ಗುಂಡಿಯಲ್ಲಿ 8 ಸೆಂಟಿಮೀಟರ್ ಆಳಕ್ಕೆ ಹಳೆಯ ಡಾಂಬರು ಪದರ ಗಟ್ಟಿಯಾಗಿ ಸಿಕ್ಕಿತು. ಒಂದು ವೇಳೆ ಸಿಕ್ಕದೆ ಕೆಳಗಿನ ಜಲ್ಲಿ ಪದರವೇ ಒದ್ದೆಯಾಗಿ ಸಡಿಲವಾಗಿದ್ದರೆ ಅದನ್ನೂ ತೆಗೆದು, ಹೊಸ ಜಲ್ಲಿ ಹಾಕಿ, ದಮ್ಮಾಸು ಮಾಡಿ, ಜಲ್ಲಿಯೊಳಗೆ ಇಳಿಯುವ ತೆಳು ಡಾಂಬರು ಲೇಪ, ಅಂದರೆ ಪ್ರೈಮ್ ಕೋಟ್, ಕೊಟ್ಟು ಆಮೇಲೆ ಮುಂದುವರಿಯಬೇಕು. ಸಡಿಲ ತಳದ ಮೇಲೆ ಎಂಥ ಒಳ್ಳೆ ಮಾಲು ಹಾಕಿದರೂ ಅದು ಬಾಗಿ ಬಾಗಿ ಮತ್ತೆ ಬಿರಿಯುತ್ತದೆ.

ಈಗ ಟ್ಯಾಕ್ ಕೋಟ್. ಹಳೆಯದಕ್ಕೂ ಹೊಸದಕ್ಕೂ ನಡುವೆ ಹಚ್ಚುವ ಅಂಟು ಇದು. ಸಾಮಾನ್ಯವಾಗಿ ಎಮಲ್ಷನ್ ಬಳಸುತ್ತಾರೆ, ಅಂದರೆ ಡಾಂಬರಿನ ಸಣ್ಣ ಸಣ್ಣ ಹನಿಗಳು ನೀರಿನಲ್ಲಿ ತೇಲುತ್ತಿರುವ ಕಂದು ಬಣ್ಣದ ದ್ರವ. ಆರ್‌ಎಸ್-1 ಅನ್ನುವ ಬಗೆ ಇದಕ್ಕೆ ಸರಿ, ನೀರಿನಿಂದ ಡಾಂಬರು ಬೇಗ ಬೇರೆಯಾಗುವಂಥದ್ದು. ಹಳೆ ಡಾಂಬರು ಮೈಗೆ ಒಂದು ಚದರ ಮೀಟರ್‌ಗೆ 200ರಿಂದ 300 ಗ್ರಾಂ ಸಾಕು. ನಮ್ಮ ಗುಂಡಿಯ ಲೆಕ್ಕ ಹಾಕಿ: ತಳ 1.2 ಚದರ ಮೀಟರ್, ನಾಲ್ಕು ಗೋಡೆ ಸೇರಿ ಸುಮಾರು 0.35, ಒಟ್ಟು 1.55. ಒಂದು ಚದರ ಮೀಟರ್‌ಗೆ 250 ಗ್ರಾಂ ಅಂದರೆ ಬೇಕಾಗುವುದು ಬರೀ 390 ಗ್ರಾಂ. ಒಂದು ಚಿಕ್ಕ ಡಬ್ಬಿಯಷ್ಟು! ಅದರಲ್ಲೂ ಸುಮಾರು ಶೇ. 40 ನೀರು, ಅದು ಆರಿಹೋಗುತ್ತದೆ. ಉಳಿಯುವ ಡಾಂಬರು ಪೊರೆಯ ದಪ್ಪ ಒಂದು ಮಿಲಿಮೀಟರಿನ ಆರನೇ ಒಂದು ಭಾಗದಷ್ಟೂ ಇಲ್ಲ.

ಇಷ್ಟು ಕಡಿಮೆ ಯಾಕೆ ಅಂತ ಕೆಲಸ ಮಾಡುವವರೇ ಕೇಳುತ್ತಾರೆ, ಜಾಸ್ತಿ ಹಾಕಿದರೆ ಇನ್ನೂ ಚೆನ್ನಾಗಿ ಅಂಟಬೇಕಲ್ವಾ ಅಂತ. ಇಲ್ಲ. ಬಕೆಟ್ಟಿನಿಂದ ಸುರಿದರೆ ತಳದಲ್ಲಿ ಡಾಂಬರು ಮಡುಗಟ್ಟುತ್ತದೆ, ಬಿಸಿಲಿಗೆ ಅದು ಮೆತ್ತಗಾಗಿ ತೇಪೆ ಅದರ ಮೇಲೆ ಜಾರುತ್ತದೆ, ಇಲ್ಲವೇ ಮೇಲಕ್ಕೆ ಉಕ್ಕಿ ರಸ್ತೆ ಮೈಯಲ್ಲಿ ಹೊಳೆಯುವ ನುಣುಪು ಕಲೆಯಾಗುತ್ತದೆ. ಬ್ರಷ್ ಹಿಡಿದು ತೆಳ್ಳಗೆ ಹಚ್ಚಬೇಕು, ಮುಖ್ಯವಾಗಿ ಗೋಡೆಗೆ ಹಚ್ಚಬೇಕು. ತಳಕ್ಕೆ ಚೆಲ್ಲಿ ಗೋಡೆಯನ್ನು ಮರೆಯುವುದು ನಾನು ಕಂಡಿರುವ ತಪ್ಪುಗಳಲ್ಲಿ ಅತಿ ಹೆಚ್ಚು ನಷ್ಟ ಮಾಡುವಂಥದ್ದು, ಯಾಕೆಂದರೆ ನೀರು ಒಳಗೆ ಬರುವ ದಾರಿಯೇ ಆ ಗೋಡೆ.

ಹಚ್ಚುವ ಮುಂಚೆ ಧೂಳು ಪೂರ್ತಿ ಹೋಗಿರಬೇಕು, ಗುಡಿಸಿ ಆಮೇಲೆ ಗಾಳಿ ಹೊಡೆದು ಊದಬೇಕು. ಧೂಳಿದ್ದರೆ ಅಂಟು ಹಿಡಿಯುವುದು ಧೂಳನ್ನೇ, ರಸ್ತೆಯನ್ನಲ್ಲ. ಹಚ್ಚಿದ ಮೇಲೆ ಕಾಯಬೇಕು. ಕಂದು ಬಣ್ಣ ಹೋಗಿ ಕಪ್ಪಾಗುವುದನ್ನು ಎಮಲ್ಷನ್ ಒಡೆಯಿತು ಅನ್ನುತ್ತಾರೆ, ಆಗ ಡಾಂಬರು ಬೇರೆ ನೀರು ಬೇರೆ ಆಗಿರುತ್ತದೆ. ಆ ನೀರೂ ಆರಿ, ಬೆರಳಿಗೆ ಜಿಗುಟಾಗಿ ಹತ್ತುವ ಹಾಗೆ ಆದಾಗ ಮಾಲು ಹಾಕುವ ಹೊತ್ತು. ಕಂದು ಇರುವಾಗಲೇ ಮಾಲು ಸುರಿದರೆ ನೀರನ್ನು ನಾವೇ ಒಳಗೆ ಮುಚ್ಚಿಟ್ಟ ಹಾಗಾಗುತ್ತದೆ.

ಡಾಂಬರಿನ ದರ್ಜೆ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ನಂಬರ್ ದೊಡ್ಡದಾದರೆ ಮಾಲು ಒಳ್ಳೆಯದು ಅಂತ. ಭಾರತದಲ್ಲಿ 2006ರವರೆಗೆ ಮಾನಕದಲ್ಲಿ ಸೂಜಿ ಪರೀಕ್ಷೆಯ ದರ್ಜೆಗಳಿದ್ದವು. 25 ಡಿಗ್ರಿಯಲ್ಲಿ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ 6ರಿಂದ 7 ಮಿಲಿಮೀಟರ್ ಇಳಿದರೆ ಅದು 60/70. ಆಮೇಲೆ ಬಂದದ್ದು ವಿಜಿ, ಅಂದರೆ ವಿಸ್ಕಾಸಿಟಿ ಗ್ರೇಡ್: ವಿಜಿ-10, 20, 30, 40. ಇವು 60 ಡಿಗ್ರಿಯಲ್ಲಿ ಡಾಂಬರು ಎಷ್ಟು ಮಂದವಾಗಿರುತ್ತದೆ ಅಂತ ಹೇಳುತ್ತವೆ, ಯಾಕೆಂದರೆ ಬೇಸಿಗೆ ಬಿಸಿಲಿಗೆ ರಸ್ತೆ ಮೈ ಹೆಚ್ಚುಕಡಿಮೆ ಅಷ್ಟು ಕಾಯುತ್ತದೆ. ವಿಜಿ-10 ಮೆತ್ತಗೆ, ಚಳಿ ಜಾಗಕ್ಕೆ. ವಿಜಿ-40 ಗಡುಸು, ಭಾರಿ ಲಾರಿ ಓಡಾಡುವ ಬಿಸಿ ಜಾಗಕ್ಕೆ. ಹಳೆ 60/70ರ ಜಾಗಕ್ಕೆ ಹೆಚ್ಚುಕಡಿಮೆ ವಿಜಿ-30 ಬಂದಿದೆ. ತೇಪೆ ಕೆಲಸದಲ್ಲಿ ಸುಮ್ನೆ ಗಡುಸು ದರ್ಜೆ ಆರಿಸಿದರೆ ತೊಂದರೆ. ವಿಜಿ-30ರ ಮಾಲು 140 ಡಿಗ್ರಿಗಿಂತ ಕಡಿಮೆಯಾಗದೆ ಗುಂಡಿಗೆ ಬೀಳಬೇಕು, 90ಕ್ಕೆ ಇಳಿಯುವ ಮುಂಚೆ ಉರುಳಿಸಿ ಒತ್ತುವುದು ಮುಗಿಯಬೇಕು. ವಿಜಿ-40ಕ್ಕೆ ಇವು 150 ಮತ್ತು 100. ಸಣ್ಣ ಗುಂಡಿಗೆ ಹಾಕುವ ಸ್ವಲ್ಪ ಮಾಲು ಬಹಳ ಬೇಗ ತಣ್ಣಗಾಗುತ್ತದೆ, ಹಾಗಾಗಿ ಗಡುಸು ದರ್ಜೆಯಾದರೆ ಒತ್ತಲು ಸಮಯವೇ ಸಿಗುವುದಿಲ್ಲ. ತಣ್ಣಗಾಗುತ್ತದೆ ಅಂತ ಮೊದಲೇ ಅತಿಯಾಗಿ ಕಾಯಿಸುವವರೂ ಇದ್ದಾರೆ. ಆಗ ನೀಲಿ ಹೊಗೆ ಏಳುತ್ತದೆ, ಡಾಂಬರು ಸುಟ್ಟು ಬಿರುಸಾಗುತ್ತದೆ, ಮಾಲಿನ ಹೊಳಪು ಹೋಗುತ್ತದೆ. ಅದನ್ನು ವಾಪಸ್ ಕಳಿಸುವುದೇ ಸರಿ.

ನಮ್ಮ ಗುಂಡಿಗೆ ಬೇಕಾದ ಮಾಲು ಎಷ್ಟು? 1.2 ಗುಣಿಸು 1 ಗುಣಿಸು 0.08, ಅಂದರೆ 0.096 ಘನ ಮೀಟರ್. ಒತ್ತಿದ ಮಾಲು ಘನ ಮೀಟರ್‌ಗೆ ಸುಮಾರು 2300 ಕೆಜಿ ತೂಗುತ್ತದೆ, ಹಾಗಾಗಿ ಹೆಚ್ಚುಕಡಿಮೆ 220 ಕೆಜಿ. ಇದನ್ನು ಒಂದೇ ಸಲ ಸುರಿಯಬಾರದು. ಎರಡು ಪದರ ಮಾಡಿ, ಪ್ರತಿ ಪದರ ಸಡಿಲವಾಗಿದ್ದಾಗ 5 ಸೆಂಟಿಮೀಟರ್, ಒತ್ತಿದ ಮೇಲೆ 4. ಪ್ಲೇಟ್ ಕಾಂಪ್ಯಾಕ್ಟರ್ ಅಂಚಿನಿಂದ ಶುರುಮಾಡಿ ನಡುವಿಗೆ ಬರಲಿ, ಮೂಲೆಗಳನ್ನು ಕೈ ದಿಮ್ಮಿಸದಿಂದ ಬಡಿಯಿರಿ. ಮುಗಿದಾಗ ತೇಪೆ ಸುತ್ತಲಿನ ರಸ್ತೆಗಿಂತ 3ರಿಂದ 5 ಮಿಲಿಮೀಟರ್ ಎತ್ತರ ನಿಂತಿರಬೇಕು, ಗಾಡಿಗಳು ಅದನ್ನು ಇನ್ನಷ್ಟು ಕೂರಿಸುತ್ತವೆ. ಒತ್ತದೆ ಬಿಟ್ಟು "ಲಾರಿಗಳೇ ಒತ್ತುತ್ತವೆ ಬಿಡಿ" ಅಂದರೆ ಆಗುವುದೇನು ಗೊತ್ತಾ? ಮಾಲಿನ ಒಳಗಿನ ಗಾಳಿ ಜಾಗ ಸುಮಾರು ಶೇ. 8 ದಾಟಿದರೆ ಆ ರಂಧ್ರಗಳು ಒಂದಕ್ಕೊಂದು ಸೇರಿಕೊಳ್ಳುತ್ತವೆ, ನೀರು ತೇಪೆಯ ಮೂಲಕವೇ ಇಳಿಯುತ್ತದೆ.

ಕೊನೆಯಲ್ಲಿ ಸುತ್ತಲಿನ ಗೆರೆಯ ಮೇಲೆ ಒಂದು ಗೇಣು ಅಗಲಕ್ಕಿಂತ ಕಡಿಮೆ ಎಮಲ್ಷನ್ ಪಟ್ಟಿ ಹಚ್ಚಿ ಜಲ್ಲಿಪುಡಿ ಉದುರಿಸಬೇಕು. ಐದು ನಿಮಿಷದ ಕೆಲಸ, ಆದರೆ ಬಹಳ ಜನ ಬಿಟ್ಟುಬಿಡುತ್ತಾರೆ.

ಮಳೆ ಸುರಿಯುತ್ತಿರುವಾಗ ಇಷ್ಟೆಲ್ಲಾ ಆಗುವುದಿಲ್ಲ, ಅದೂ ನಿಜ. ಆಗ ಚೀಲದಲ್ಲಿ ಬರುವ ತಣ್ಣನೆ ಮಾಲು ಬೇಕು, ಒದ್ದೆಯಲ್ಲೂ ಹಿಡಿಯುವ ಹಾಗೆ ಮಾಡಿದ್ದು. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ತೇಪೆ ಹಾಕಿ ವರ್ಷಗಟ್ಟಲೆ ನೋಡಿದ್ದಾರೆ. ತಣ್ಣನೆ ಮಾಲು ಒಳ್ಳೆಯದಿದ್ದರೆ, ಗುಂಡಿಗೆ ತುಂಬಿ ಲಾರಿ ಚಕ್ರದಿಂದ ನಾಲ್ಕೈದು ಸಲ ಉರುಳಿಸಿದ ತೇಪೆಯೂ ಕೊಯ್ದು ಹಾಕಿದ ತೇಪೆಯ ಸಮಕ್ಕೆ ಬಾಳಿತ್ತು. ಹಾಗಾಗಿ ಮಳೆಗಾಲದಲ್ಲಿ ಗುಂಡಿಯನ್ನು ತೆರೆದೇ ಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಉರುಳಿಸುವುದನ್ನು ಬಿಟ್ಟರೆ, ಇಲ್ಲವೇ ಅಗ್ಗದ ಮಾಲು ತುಂಬಿದರೆ ಆ ಮಾತು ನಿಲ್ಲುವುದಿಲ್ಲ. ಆಳದ ಗುಂಡಿಗೆ ಒಂದೇ ಸಲ ತುಂಬಿದರೆ ಮೇಲ್ಮೈ ಗಟ್ಟಿಯಾಗಿ ಒಳಗೆ ಮೆತ್ತಗೇ ಉಳಿಯುತ್ತದೆ, ಅದಕ್ಕೂ ಪದರ ಪದರವೇ ಬೇಕು.

ತೇಪೆ ಹೇಗಿದೆ ಅಂತ ತಿಳಿಯಲು ಮುಂದಿನ ಮಳೆ ನಿಂತ ಮೇಲೆ ಹೋಗಿ ನೋಡಿ. ರಸ್ತೆಯೆಲ್ಲಾ ಆರಿದ ಮೇಲೂ ತೇಪೆಯ ಒಂದು ಬದಿಯ ಗೆರೆ ಮಾತ್ರ ಕಪ್ಪಗೆ ಒದ್ದೆಯಾಗಿದ್ದರೆ ಅಲ್ಲಿ ನೀರು ಇಳಿಯುತ್ತಿದೆ. ಆರಿದ ಮೇಲೆ ಗುಡಿಸಿ, ಆ ಬದಿಗೆ ಮತ್ತೊಮ್ಮೆ ಎಮಲ್ಷನ್ ಹಚ್ಚಿ ಜಲ್ಲಿಪುಡಿ ಹಾಕಿ. ರಸ್ತೆ ಪಕ್ಕದ ಚರಂಡಿ ಕಟ್ಟಿಕೊಂಡು ನೀರು ತೇಪೆಯ ಮೇಲೇ ನಿಂತಿದ್ದರೆ ಮೊದಲು ಚರಂಡಿ ಬಿಡಿಸಿ, ಆಮೇಲೆ ಎಮಲ್ಷನ್ ಡಬ್ಬಿ ತೆಗೆಯಿರಿ.