ಎಚ್ಚಿಂಗ್ ಅಸಲಿಯೋ, ನಂತರದ ಪ್ರತಿಯೋ? ಗೆರೆಯನ್ನು ಹತ್ತಿರದಿಂದ ನೋಡೋಣ

[ದೃಶ್ಯ: ಮೇಜಿನ ಮೇಲೆ ಚೌಕಟ್ಟಿನಿಂದ ಹೊರತೆಗೆದ ಹಳೆಯ ಚಿತ್ರ]

ನಮಸ್ಕಾರ. ಎಚ್ಚಿಂಗ್ ಅಂದರೆ ತಾಮ್ರದ ತಗಡಿನಲ್ಲಿ ಆಮ್ಲದಿಂದ ಗೆರೆ ಕೊರೆದು, ಅದರಲ್ಲಿ ಇಂಕು ತುಂಬಿ ಕಾಗದಕ್ಕೆ ಒತ್ತಿದ ಚಿತ್ರ. ಈ ಚಿತ್ರದ ಮೂಲೆಯಲ್ಲಿ ಡಚ್ ಕಲಾವಿದ ರೆಂಬ್ರಾಂಟ್ ಸಹಿ ಇದೆ. ಸಹಿಯನ್ನು ಸದ್ಯಕ್ಕೆ ಮರೆತುಬಿಡಿ. ಅದು ತಗಡಿನಲ್ಲೇ ಕೊರೆದದ್ದು, ಹಾಗಾಗಿ ಫೋಟೋ ತೆಗೆದು ಅಚ್ಚು ಹಾಕಿದ ಪ್ರತಿಯಲ್ಲೂ ಬಂದೇ ಬರುತ್ತದೆ.

[ದೃಶ್ಯ: ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್, ಬೂದು ಬಣ್ಣದ ಭಾಗ]

ಮೊದಲು ನೆರಳಿರುವ ಜಾಗಕ್ಕೆ ಲೆನ್ಸ್ ಹಿಡಿಯಿರಿ. ಒಂದೇ ಅಂತರದಲ್ಲಿ ಸಾಲಾಗಿ ನಿಂತ ಚುಕ್ಕಿಗಳು ಕಂಡರೆ ಅದು ಹಾಫ್‌ಟೋನ್, ಅಂದರೆ ಫೋಟೋದಿಂದ ಮಾಡಿದ ಮುದ್ರಣ. ಬಣ್ಣದ ಚಿತ್ರವಾದರೆ ಆ ಚುಕ್ಕಿಗಳೇ ಪುಟ್ಟ ಹೂವಿನಾಕಾರದಲ್ಲಿ ಕೂಡಿರುತ್ತವೆ. ಕಲ್ಲಿನ ಮೇಲೆ ಕ್ರೇಯಾನಿನಿಂದ ಬರೆದ ಲಿಥೋಗ್ರಾಫಿನಲ್ಲೂ ಕಣಗಳಿರುತ್ತವೆ, ಆದರೆ ಅವುಗಳಿಗೆ ಸಾಲಿಲ್ಲ. ಒಂದು ದೊಡ್ಡದು, ಪಕ್ಕದ್ದು ಚಿಕ್ಕದು, ಕಲ್ಲಿನ ತರಿ ಹೇಗಿತ್ತೋ ಹಾಗೆ.

ನಮ್ಮ ಚಿತ್ರದಲ್ಲಿ ಚುಕ್ಕಿಗಳೇ ಇಲ್ಲ. ಬರೀ ಗೆರೆಗಳು. ಆದರೂ ಇಷ್ಟಕ್ಕೇ ಖುಷಿಪಡುವಂತಿಲ್ಲ.

[ದೃಶ್ಯ: ಕೋಣೆ ಕತ್ತಲೆ, ಪಕ್ಕದಿಂದ ಟಾರ್ಚ್ ಬೆಳಕು]

ಟಾರ್ಚನ್ನು ಕಾಗದದ ಮಟ್ಟಕ್ಕೆ ಇಳಿಸಿ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಕಾಣುತ್ತದೆ. ಇದೇ ಪ್ಲೇಟ್ ಮಾರ್ಕ್. ಬಹಳ ಜನ ಇದನ್ನು ಕಂಡ ಕೂಡಲೇ ಅಸಲಿ ಅಂದುಬಿಡುತ್ತಾರೆ. ಆದರೆ ಖಾಲಿ ತಗಡನ್ನು ಒತ್ತಿ ಇದೇ ಗುರುತನ್ನು ಯಾವ ಮುದ್ರಣಕ್ಕೂ ಹಾಕಬಹುದು. ಹಾಗಾಗಿ ನಾನು ಗೆರೆಯನ್ನೇ ಹೆಚ್ಚು ನಂಬುತ್ತೇನೆ. ಎಚ್ಚಿಂಗಿನಲ್ಲಿ ಒದ್ದೆ ಕಾಗದ ಗೆರೆಯೊಳಗೆ ಇಳಿದು ಇಂಕನ್ನು ಎತ್ತಿಕೊಳ್ಳುತ್ತದೆ. ಅದಕ್ಕೇ ಕಪ್ಪು ಗೆರೆಗಳು ಉಬ್ಬಿ, ಪಕ್ಕದ ಬೆಳಕಿಗೆ ಸಣ್ಣ ನೆರಳು ಬೀಳುತ್ತದೆ. ಆಫ್‌ಸೆಟ್ ಪ್ರತಿಯಲ್ಲಿ ಇಂಕು ಚಪ್ಪಟೆ.

ನಮ್ಮ ಗೆರೆ ಉಬ್ಬಿದೆ. ಅಂದರೆ ಇದು ತಗಡಿನಿಂದಲೇ ಬಂದದ್ದು. ಯಾರು ಮಾಡಿದ ತಗಡು, ಯಾವಾಗ ಒತ್ತಿದ್ದು ಅನ್ನುವುದು ಬೇರೆ ಪ್ರಶ್ನೆ. 19ನೇ ಶತಮಾನದಲ್ಲಿ ಪ್ಯಾರಿಸ್‌ನ ಮುದ್ರಕ ಅಮಾಂ-ಡುರಾಂಡ್ ರೆಂಬ್ರಾಂಟನ ಚಿತ್ರಗಳನ್ನು ಫೋಟೋ ಮೂಲಕ ಹೊಸ ತಾಮ್ರಕ್ಕಿಳಿಸಿ ಒತ್ತಿದ್ದಾನೆ. ಅವುಗಳಲ್ಲೂ ಗೆರೆ ಉಬ್ಬಿರುತ್ತದೆ. ಹಾಗಾಗಿ ಹಾಳೆಯ ಹಿಂಬದಿಯಲ್ಲಿ ಅವನ ಮುದ್ರೆ ಇದೆಯೇ ಎಂದು ಹುಡುಕಿ.

[ದೃಶ್ಯ: ಹಾಳೆಯನ್ನು ಕಿಟಕಿಗೆ ಹಿಡಿದಿರುವುದು]

ಈಗ ಕಾಗದ. ರೆಂಬ್ರಾಂಟ್ ತೀರಿಕೊಂಡದ್ದು 1669ರಲ್ಲಿ. ಆ ಕಾಲದ ಯುರೋಪಿನ ಕಾಗದವನ್ನು ಬೆಳಕಿಗೆ ಹಿಡಿದರೆ ಒತ್ತೊತ್ತಾದ ಸಣ್ಣ ಗೆರೆಗಳೂ, ಅವನ್ನು ಅಡ್ಡ ಹಾಯುವ ದೂರದೂರದ ಗೆರೆಗಳೂ ಕಾಣುತ್ತವೆ. ನಮ್ಮ ಹಾಳೆಯಲ್ಲಿ ಎಲ್ಲೆಡೆ ಒಂದೇ ಸಮ, ಗೆರೆಯೇ ಇಲ್ಲ. ಯುರೋಪಿನಲ್ಲಿ ಇಂಥ ಕಾಗದ ಬಂದದ್ದು 18ನೇ ಶತಮಾನದ ನಡುವೆ. ಕಲಾವಿದ ಬದುಕಿದ್ದಾಗ ಒತ್ತಿದ್ದಂತೂ ಇದಲ್ಲ.

ಹಾಗಂತ ಇದು ಫೋಟೋ ಪ್ರತಿಯೇ ಆಗಬೇಕಿಲ್ಲ. ರೆಂಬ್ರಾಂಟನ ಎಷ್ಟೋ ತಗಡುಗಳು ಉಳಿದುಕೊಂಡಿದ್ದವು. ಪ್ಯಾರಿಸ್‌ನ ಪ್ರಕಾಶಕ ಬಸಾನ್ 18ನೇ ಶತಮಾನದ ಕೊನೆಯಲ್ಲಿ ಅವುಗಳಿಂದ ಮತ್ತೆ ಪ್ರತಿ ಒತ್ತಿಸಿದ. ಅಂಥವು ಅಸಲಿ ತಗಡಿನ ತಡವಾದ ಪ್ರತಿಗಳು. ವಸ್ತುಸಂಗ್ರಹಾಲಯದ ಆರಂಭದ ಪ್ರತಿಯ ದೊಡ್ಡ ಚಿತ್ರವನ್ನು ಪಕ್ಕದಲ್ಲಿಟ್ಟು ನೆರಳಿನ ಜಾಗ ಹೋಲಿಸಿ. ತಗಡು ಸವೆದಿದ್ದರೆ ಅಲ್ಲಿನ ಸೂಕ್ಷ್ಮ ಗೆರೆಗಳು ಮಾಸಿ ಬೂದಾಗಿರುತ್ತವೆ, ಅಥವಾ ಬೇರೆ ಕೈ ಅವುಗಳ ಮೇಲೆ ಮತ್ತೆ ಗೀಚಿರುತ್ತದೆ.