ತಿಂಗಳಿಗೆ ಶೇ. 8 ಗ್ಯಾರಂಟಿ ಅಂದರೆ ಮೊದಲು ಏನು ನೋಡಬೇಕು?

[ತೆರೆಯ ಮೇಲೆ: ಮೊಬೈಲ್ ಪರದೆ. ಗ್ರೂಪಿನಲ್ಲಿ ಬಂದ ಒಂದು ಮೆಸೇಜ್ ನಿಧಾನವಾಗಿ ಮೂಡುತ್ತದೆ.]

“ತಿಂಗಳಿಗೆ ಶೇ. 8 ಲಾಭ, ಪೂರ್ತಿ ಗ್ಯಾರಂಟಿ. ಅಸಲು ಯಾವಾಗ ಬೇಕಾದರೂ ವಾಪಸ್. ಇನ್ನು 11 ಜನಕ್ಕೆ ಮಾತ್ರ ಜಾಗ ಇದೆ.”

ನಮಸ್ಕಾರ. ಇಂಥ ಮೆಸೇಜ್ ನಿಮ್ಮ ಫೋನಿಗೂ ಬಂದಿರಬಹುದು. ಕಳಿಸಿದವರು ನಿಮಗೆ ತುಂಬ ಬೇಕಾದವರೇ ಆಗಿರಬಹುದು. ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ನಿಜವಾಗಿಯೂ ಪ್ರತಿ ತಿಂಗಳು ದುಡ್ಡು ಬರುತ್ತಿದೆ. ಜನ ಬೀಳುವುದು ಇಲ್ಲಿಯೇ. ಹಾಗಾಗಿ ಇವತ್ತು ಈ ಒಂದು ಮೆಸೇಜನ್ನೇ ಹಿಡಿದು ನೋಡೋಣ.

ಮೊದಲು ಲೆಕ್ಕ. ತಿಂಗಳಿಗೆ ಶೇ. 8 ಅಂದರೆ ಕೇಳುವುದಕ್ಕೆ ಸಣ್ಣದು. ಬಂದ ಲಾಭವನ್ನು ಅಲ್ಲೇ ಬಿಟ್ಟರೆ 100 ಇದ್ದದ್ದು ಒಂದು ವರ್ಷಕ್ಕೆ ಸುಮಾರು 252 ಆಗುತ್ತದೆ. ಇಷ್ಟನ್ನು ತಪ್ಪದೆ ದುಡಿಯುವ ದಾರಿ ಒಬ್ಬರ ಕೈಯಲ್ಲಿದ್ದರೆ ಅವರು ಬ್ಯಾಂಕಿನಲ್ಲಿ ಸಾಲ ಎತ್ತುತ್ತಿದ್ದರು. ಬ್ಯಾಂಕಿಗೆ ವರ್ಷಕ್ಕೆ ಶೇ. 15 ಬಡ್ಡಿ ಕಟ್ಟಿದರೂ ಮಿಕ್ಕಿದ್ದೆಲ್ಲ ಅವರದೇ. ನಿಮಗೆ, ನನಗೆ, ಗುರುತು ಪರಿಚಯವಿಲ್ಲದ ನೂರಾರು ಜನಕ್ಕೆ ಮೆಸೇಜ್ ಹಾಕಿ ದುಬಾರಿ ಹಣ ತರುವ ಅಗತ್ಯ ಅವರಿಗೇಕೆ? ಈ ಪ್ರಶ್ನೆಗೆ ನೇರ ಉತ್ತರ ಸಿಗದಿದ್ದರೆ ನಾನಂತೂ ಮುಂದಕ್ಕೆ ಹೋಗುವುದಿಲ್ಲ.

ಹಾಗಾದರೆ ಗ್ಯಾರಂಟಿ ಅಂದದ್ದೆಲ್ಲ ಮೋಸವೇ? ಅಲ್ಲ. ಬ್ಯಾಂಕಿನ ಠೇವಣಿಯಲ್ಲೂ ಸರ್ಕಾರಿ ಬಾಂಡಿನಲ್ಲೂ ಬಡ್ಡಿ ಮೊದಲೇ ಗೊತ್ತಿರುತ್ತದೆ. ಆದರೆ ಆ ಮಾತಿನ ಹಿಂದೆ ಯಾರು ನಿಂತಿದ್ದಾರೆ, ಎಲ್ಲಿಯವರೆಗೆ ನಿಲ್ಲುತ್ತಾರೆ ಅನ್ನುವುದು ಕಾನೂನಿನಲ್ಲಿ ಬರೆದಿರುತ್ತದೆ, ಬಡ್ಡಿಯೂ ಕಡಿಮೆ. ಹೆಚ್ಚು ಲಾಭ, ಅಪಾಯ ಇಲ್ಲ, ಬೇಕೆಂದಾಗ ವಾಪಸ್: ಈ ಮೂರೂ ಒಟ್ಟಿಗೆ ಬಂದಾಗಲೇ ಹೆದರಬೇಕು.

[ತೆರೆಯ ಮೇಲೆ: 100 ಎಂಬ ಅಂಕಿ. ಪ್ರತಿ ತಿಂಗಳೂ 8 ಕಳೆಯುತ್ತಾ ಹೋಗುತ್ತದೆ: 92, 84, 76…]

ಈಗ “ನನಗೆ ಪ್ರತಿ ತಿಂಗಳು ಬರುತ್ತಿದೆ” ಅನ್ನುವ ಮಾತಿಗೆ ಬರೋಣ. ನೀವು 100 ಕೊಟ್ಟಿರಿ. ಆತ ಅದನ್ನು ಎಲ್ಲೂ ಹೂಡಲಿಲ್ಲ, ಸುಮ್ಮನೆ ಇಟ್ಟುಕೊಂಡ. ಮುಂದಿನ ತಿಂಗಳು ಅದರಿಂದಲೇ 8 ತೆಗೆದು ನಿಮಗೆ ಕೊಟ್ಟ. ಅದರ ಮುಂದಿನ ತಿಂಗಳು ಇನ್ನೊಂದು 8. ಹೀಗೆ ಹನ್ನೆರಡು ತಿಂಗಳು ಕೊಟ್ಟರೂ 96 ಆಯಿತಷ್ಟೆ. ಅಂದರೆ ಹೊಸಬರು ಒಬ್ಬರೂ ಸೇರದಿದ್ದರೂ, ಒಂದು ಕಾಸಿನ ದುಡಿಮೆ ಇಲ್ಲದಿದ್ದರೂ, ನಿಮ್ಮ ಹಣದಲ್ಲೇ ನಿಮಗೆ ಒಂದು ವರ್ಷ ಲಾಭ ಕೊಡಬಹುದು. ಆ ವರ್ಷದಲ್ಲಿ ನೀವು ಎಷ್ಟು ಜನಕ್ಕೆ ಹೇಳಿರುತ್ತೀರಿ ಯೋಚಿಸಿ. ಎಷ್ಟೋ ಜನ ಬಂದ ಲಾಭವನ್ನು ತೆಗೆಯದೆ ಅಲ್ಲೇ ಬಿಡುತ್ತಾರೆ, ಆಗ ಆತ ಆ 8 ಕೂಡ ಕೊಡಬೇಕಾಗಿಲ್ಲ. ಆದ್ದರಿಂದ ದುಡ್ಡು ಬರುತ್ತಿದೆ ಅನ್ನುವುದು ಸಾಕ್ಷಿ ಅಲ್ಲ. ಅದು ಎಲ್ಲಿಂದ ಬರುತ್ತಿದೆ ಅನ್ನುವುದನ್ನೇ ಕೇಳಬೇಕು.

ಈ ಪ್ರಶ್ನೆಯನ್ನು ಸರಿಯಾಗಿ ಕೇಳಿದ ಒಬ್ಬರ ಕತೆ ಹೇಳುತ್ತೇನೆ. 1920, ಅಮೆರಿಕದ ಬಾಸ್ಟನ್. ಚಾರ್ಲ್ಸ್ ಪೊಂಜಿ ಎಂಬಾತ 45 ದಿನಕ್ಕೆ ಶೇ. 50 ಲಾಭ ಕೊಡುತ್ತೇನೆ ಅಂದ. ಬೇರೆ ದೇಶಗಳಲ್ಲಿ ಅಗ್ಗಕ್ಕೆ ಸಿಗುವ ಅಂಚೆ ಕೂಪನ್ ಕೊಂಡು ಅಮೆರಿಕದಲ್ಲಿ ಹೆಚ್ಚಿನ ಬೆಲೆಯ ಅಂಚೆಚೀಟಿಗೆ ಬದಲಾಯಿಸುತ್ತೇನೆ ಅನ್ನುವುದು ಅವನ ವಿವರಣೆ. ಬೆಲೆಯ ವ್ಯತ್ಯಾಸ ನಿಜವಾಗಿಯೂ ಇತ್ತು, ಹಾಗಾಗಿ ಜನ ನಂಬಿದರು. ಆರ್ಥಿಕ ಪತ್ರಕರ್ತ ಕ್ಲಾರೆನ್ಸ್ ಬ್ಯಾರನ್ ಕೂತು ಲೆಕ್ಕ ಹಾಕಿದರು. ಪೊಂಜಿ ಕಲೆಹಾಕಿದ ಹಣಕ್ಕೆ ತಕ್ಕಂತೆ ಸುಮಾರು 16 ಕೋಟಿ ಕೂಪನ್ ಚಲಾವಣೆಯಲ್ಲಿ ಇರಬೇಕಿತ್ತು. ಇದ್ದದ್ದು 27,000ದಷ್ಟು. ಇನ್ನೊಂದು ವಿಷಯವನ್ನೂ ಅವರು ಎತ್ತಿ ತೋರಿಸಿದರು: ಪೊಂಜಿ ತನ್ನ ಸ್ವಂತ ಹಣವನ್ನು ಆ ಸ್ಕೀಮಿನಲ್ಲಿ ಹಾಕಿರಲಿಲ್ಲ. ಅದೇ ಬೇಸಿಗೆಯಲ್ಲಿ ಎಲ್ಲ ಕುಸಿಯಿತು.

ಬ್ಯಾರನ್ ಮಾಡಿದ ಪರೀಕ್ಷೆ ನನಗೆ ಇವತ್ತಿಗೂ ಎಲ್ಲಕ್ಕಿಂತ ಬಲವಾದದ್ದು ಅನ್ನಿಸುತ್ತದೆ. ಹೇಳುವ ಕತೆಯಲ್ಲಿ ಒಂದು ಚೂರು ಸತ್ಯ ಇರಬಹುದು. ಆದರೆ ಇಷ್ಟೊಂದು ಹಣ ಹಿಡಿಸುವಷ್ಟು ದೊಡ್ಡ ಜಾಗ ಅಲ್ಲಿ ಇದೆಯೇ? ಕರೆನ್ಸಿ ವ್ಯಾಪಾರ ಅಂತ ಹೇಳಲಿ, ಕ್ರಿಪ್ಟೊ ಅಂತ ಹೇಳಲಿ, ಕೇಳಬೇಕಾದದ್ದು ಇದೇ.

ಇನ್ನು ಷೇರು ಟಿಪ್ಸ್ ಗ್ರೂಪುಗಳು. “ಐದು ಸಲ ಹೇಳಿದ್ದೂ ಕರೆಕ್ಟ್ ಆಯಿತು, ನಾನೇ ಕಣ್ಣಾರೆ ನೋಡಿದ್ದೀನಿ” ಅಂತ ಜನ ಹೇಳುತ್ತಾರೆ. ನೋಡಿದ್ದು ನಿಜವೇ.

[ತೆರೆಯ ಮೇಲೆ: 800 → 400 → 200 → 100 → 50 → 25]

800 ಜನರ ನಂಬರ್ ಇದೆ ಅಂದುಕೊಳ್ಳಿ. 400 ಜನಕ್ಕೆ “ನಾಳೆ ಈ ಷೇರು ಏರುತ್ತೆ” ಅಂತ ಕಳಿಸುತ್ತಾರೆ, ಉಳಿದ 400 ಜನಕ್ಕೆ “ಇಳಿಯುತ್ತೆ” ಅಂತ. ತಪ್ಪು ಮೆಸೇಜ್ ಹೋದವರನ್ನು ಅಲ್ಲಿಗೇ ಬಿಟ್ಟು, ಸರಿ ಹೋದ 400 ಜನರನ್ನು ಮತ್ತೆ ಅರ್ಧ ಮಾಡುತ್ತಾರೆ. ಐದು ಸಲ ಆದಮೇಲೆ 25 ಜನ ಉಳಿಯುತ್ತಾರೆ. ಆ 25 ಜನರ ಕಣ್ಣಿಗೆ ಇವನು ಒಮ್ಮೆಯೂ ತಪ್ಪದ ಜ್ಞಾನಿ. ಆರನೇ ಟಿಪ್‌ಗೆ ಫೀಸು ಕೇಳಿದರೆ ಕೊಡದೇ ಇರುತ್ತಾರೆಯೇ? ಬಿಟ್ಟುಹೋದ 775 ಜನ ನಿಮಗೆ ಕಾಣುವುದಿಲ್ಲ. ನಿಮಗೆ ಬಂದ ಟಿಪ್ ಹಿಂದೆ ಇಂಥ ಬಲೆ ಇದೆಯೋ ಇಲ್ಲವೋ ಅಂತ ನಿಮ್ಮ ಕಡೆಯಿಂದ ನೋಡಿ ಹೇಳುವುದು ಅಸಾಧ್ಯ. ಹಾಗಾಗಿ ಹಳೆಯ ಟಿಪ್‌ಗಳ ಸ್ಕ್ರೀನ್‌ಶಾಟಿಗೆ ಬೆಲೆ ಕೊಡಬೇಡಿ.

ಇನ್ನೊಂದು ಬಗೆಯೂ ಇದೆ. ದಿನಕ್ಕೆ ತೀರ ಕಡಿಮೆ ವಹಿವಾಟು ಆಗುವ ಒಂದು ಚಿಕ್ಕ ಷೇರನ್ನು ಮೊದಲೇ ಸದ್ದಿಲ್ಲದೆ ಕೊಂಡಿಟ್ಟು, ಆಮೇಲೆ ಗ್ರೂಪಿನಲ್ಲಿ ಟಿಪ್ ಹಾಕುವುದು. ನೂರಾರು ಜನ ಒಟ್ಟಿಗೆ ಕೊಂಡಾಗ ಬೆಲೆ ಏರುತ್ತದೆ, ಟಿಪ್ ನಿಜವಾದಂತೆ ಕಾಣುತ್ತದೆ. ಆ ಹೊತ್ತಿಗೆ ನಿಮಗೆ ಮಾರುತ್ತಿರುವವನು ಟಿಪ್ ಕೊಟ್ಟವನೇ. ಟಿಪ್ ಬಂದ ಕೂಡಲೇ ಆ ಷೇರಿನ ಹಿಂದಿನ ಮೂರು ತಿಂಗಳ ವಹಿವಾಟಿನ ಪ್ರಮಾಣದ ನಕ್ಷೆ ನೋಡಿ. ಖಾಲಿ ಬಿದ್ದಿದ್ದ ಜಾಗದಲ್ಲಿ ಕಂಪನಿಯಿಂದ ಯಾವ ಸುದ್ದಿಯೂ ಇಲ್ಲದೆ ವಹಿವಾಟಿನ ಕಂಬಗಳು ಒಮ್ಮೆಲೇ ಎದ್ದಿದ್ದರೆ ಕೈ ಹಾಕಬೇಡಿ.

[ತೆರೆಯ ಮೇಲೆ: ಟ್ರೇಡಿಂಗ್ ಆ್ಯಪಿನ ಮಾದರಿ ಪರದೆ. ಹಸಿರು ಅಂಕಿಗಳು. ಕೆಳಗೆ ‘ವಿತ್‌ಡ್ರಾ’ ಬಟನ್.]

ಗ್ರೂಪಿನಿಂದ ಮುಂದಿನ ಹೆಜ್ಜೆ ಸಾಮಾನ್ಯವಾಗಿ ಒಂದು ಆ್ಯಪ್. ಲಿಂಕ್ ಅವರೇ ಕೊಡುತ್ತಾರೆ. ನೀವು 100 ಹಾಕುತ್ತೀರಿ, ಪರದೆಯಲ್ಲಿ 130 ಕಾಣುತ್ತದೆ. ಪರೀಕ್ಷೆ ಮಾಡೋಣ ಅಂತ 10 ತೆಗೆಯುತ್ತೀರಿ, ಬರುತ್ತದೆ. ಈ 10 ಅವರಿಗೆ ಖರ್ಚಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆ. ನೀವು 1,000 ಹಾಕುತ್ತೀರಿ, 1,800 ಕಾಣುತ್ತದೆ. ಪೂರ್ತಿ ತೆಗೆಯಲು ಹೋದಾಗ ಒಂದು ಸೂಚನೆ ಬರುತ್ತದೆ: “ನಿಮ್ಮ ಲಾಭದ ಮೇಲೆ ಶೇ. 20 ತೆರಿಗೆ, ಅಂದರೆ 160 ಮೊದಲು ಜಮಾ ಮಾಡಿ, ಆಮೇಲೆ ಹಣ ಬಿಡುಗಡೆ.” ನಿಮ್ಮದೇ 1,800 ಅವರ ಹತ್ತಿರ ಇರುವಾಗ ಅದರಲ್ಲೇ 160 ಹಿಡಿದುಕೊಂಡು ಉಳಿದದ್ದನ್ನು ಕೊಡಬಹುದಲ್ಲ? ಕೊಡಲಾರರು, ಯಾಕೆಂದರೆ 1,800 ಎಲ್ಲೂ ಇಲ್ಲ, ಅದು ಪರದೆಯ ಮೇಲೆ ಬರೆದ ಅಂಕಿ. ಹಣ ತೆಗೆಯಲು ಹಣ ಕಟ್ಟಿ ಅಂದ ಗಳಿಗೆಯಲ್ಲೇ ನಿಲ್ಲಿಸಿ. 160 ಕಟ್ಟಿದರೆ ಮುಂದೆ ಪರಿಶೀಲನಾ ಶುಲ್ಕ, ಅದಾದಮೇಲೆ ಖಾತೆ ತೆರವಿನ ಶುಲ್ಕ. ಕಳೆದುಕೊಂಡವರಲ್ಲಿ ಎಷ್ಟೋ ಜನರಿಗೆ ದೊಡ್ಡ ಪೆಟ್ಟು ಬೀಳುವುದು ಈ ಕೊನೆಯ ಹಂತದಲ್ಲಿ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಈಗ, ಹಣ ಹಾಕುವ ಮೊದಲು ಮಾಡಬೇಕಾದ ಪರಿಶೀಲನೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಬಹುತೇಕ ದೇಶಗಳಲ್ಲಿ ಹೂಡಿಕೆ ವ್ಯವಹಾರಕ್ಕೆ ಒಂದು ನಿಯಂತ್ರಕ ಸಂಸ್ಥೆ ಇರುತ್ತದೆ. ಭಾರತದಲ್ಲಿ ಸೆಬಿ, ಬ್ರಿಟನ್ನಿನಲ್ಲಿ ಎಫ್‌ಸಿಎ, ಅಮೆರಿಕದಲ್ಲಿ ಎಸ್‌ಇಸಿ. ಅದರ ವೆಬ್ ತಾಣದಲ್ಲಿ ನೋಂದಾಯಿತರ ಪಟ್ಟಿ ಯಾರು ಬೇಕಾದರೂ ನೋಡುವಂತೆ ಇರುತ್ತದೆ. ಆ ತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ, ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಬೇಡಿ. ಹೆಸರು ಸಿಕ್ಕಿತು, ನೋಂದಣಿ ಸಂಖ್ಯೆಯೂ ಸರಿ ಇದೆ ಅಂತ ಅಲ್ಲಿಗೇ ಬಿಡಬೇಡಿ. ವಂಚಕರು ಅಸಲಿ ಕಂಪನಿಯ ಹೆಸರು, ಸಂಖ್ಯೆ, ಲೋಗೊ ಎಲ್ಲವನ್ನೂ ಹಾಗೇ ಎತ್ತಿಕೊಳ್ಳುತ್ತಾರೆ. ಅವರಿಗೆ ಎತ್ತಿಕೊಳ್ಳಲಾಗದ್ದು ಒಂದೇ, ಆ ಪಟ್ಟಿಯಲ್ಲಿರುವ ಫೋನ್ ನಂಬರ್. ಅದಕ್ಕೇ ಕರೆ ಮಾಡಿ ಕೇಳಿ: “ಈ ಗ್ರೂಪ್, ಈ ಆ್ಯಪ್, ಈ ಬ್ಯಾಂಕ್ ಖಾತೆ ನಿಮ್ಮದಾ?”

ಅದೇ ತಾಣದಲ್ಲಿ ಎಚ್ಚರಿಕೆಯ ಪಟ್ಟಿಯೂ ಇರುತ್ತದೆ. ಬೇರೆ ಬೇರೆ ದೇಶಗಳ ಎಚ್ಚರಿಕೆಗಳನ್ನು ಒಂದೆಡೆ ಹುಡುಕಲು ಈ ನಿಯಂತ್ರಕರ ಅಂತರರಾಷ್ಟ್ರೀಯ ಒಕ್ಕೂಟದ iosco.org ತಾಣದಲ್ಲಿ I-SCAN ಅಂತ ಇದೆ. ಹೆಸರು ಅಲ್ಲಿದ್ದರೆ ಮಾತು ಮುಗಿಯಿತು. ಇಲ್ಲದಿದ್ದರೆ ಒಳ್ಳೆಯದು ಅಂತ ಅರ್ಥವಲ್ಲ, ಮೋಸ ನಿನ್ನೆಯಷ್ಟೇ ಶುರುವಾಗಿರಬಹುದು.

ಅದಕ್ಕೇ ವೆಬ್‌ಸೈಟಿನ ವಯಸ್ಸು ನೋಡಿ. lookup.icann.org ತೆರೆದು ಅವರ ವಿಳಾಸ ಹಾಕಿದರೆ ಆ ಹೆಸರು ಯಾವಾಗ ನೋಂದಣಿ ಆಯಿತು ಅಂತ ಸಾಮಾನ್ಯವಾಗಿ ಕಾಣುತ್ತದೆ. “15 ವರ್ಷದ ಅನುಭವ” ಅಂತ ಬರೆದುಕೊಂಡವರ ವೆಬ್‌ಸೈಟಿಗೆ ಎರಡು ತಿಂಗಳಾಗಿದ್ದರೆ ಬೇರೆ ಸಾಕ್ಷಿ ಬೇಕಿಲ್ಲ.

ಹಣ ಯಾರ ಖಾತೆಗೆ ಹೋಗುತ್ತಿದೆ? ಕಂಪನಿಯ ಹೆಸರೊಂದು, ಖಾತೆ ಯಾರೋ ವ್ಯಕ್ತಿಯದು. ಅಥವಾ ಪ್ರತಿ ಸಲವೂ ಹೊಸ ಖಾತೆ. ಇದು ಮೋಸದ ಗುರುತು.

ಇಷ್ಟಾದರೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡಬಾರದು. 2008ರಲ್ಲಿ ಸಿಕ್ಕಿಬಿದ್ದ ಅಮೆರಿಕದ ಹೂಡಿಕೆ ವಂಚಕ ಬರ್ನಾರ್ಡ್ ಮೇಡಾಫ್‌ನ ಸಂಸ್ಥೆ ಎಸ್‌ಇಸಿಯಲ್ಲಿ ನೋಂದಣಿ ಆಗಿತ್ತು. ಅವನು ತೋರಿಸುತ್ತಿದ್ದ ಲಾಭವೂ ಹುಚ್ಚು ಲಾಭವಲ್ಲ, ವರ್ಷಕ್ಕೆ ಶೇ. 10ರ ಆಸುಪಾಸು. ಅನುಮಾನ ಹುಟ್ಟಿಸಬೇಕಿದ್ದದ್ದು ಆ ಲಾಭದ ನುಣುಪು: ಮಾರುಕಟ್ಟೆ ಬಿದ್ದ ವರ್ಷಗಳಲ್ಲೂ ಅದು ಬೀಳುತ್ತಿರಲಿಲ್ಲ. ಹ್ಯಾರಿ ಮಾರ್ಕೊಪೊಲಸ್ ಎಂಬ ವಿಶ್ಲೇಷಕರು 2000ದಿಂದಲೇ ಎಸ್‌ಇಸಿಗೆ ದೂರು ಕೊಡುತ್ತಾ ಬಂದಿದ್ದರು. ಅವರ ವಾದಗಳಲ್ಲಿ ಒಂದು ಬ್ಯಾರನ್ ಹೇಳಿದಂಥದ್ದೇ: ಮೇಡಾಫ್ ಮಾಡುತ್ತೇನೆ ಅನ್ನುವ ವ್ಯವಹಾರಕ್ಕೆ ಬೇಕಾದಷ್ಟು, ಮುಂದೆ ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಆಪ್ಷನ್‌ಗಳು ಮಾರುಕಟ್ಟೆಯಲ್ಲೇ ಇಲ್ಲ.

ಮೇಡಾಫ್‌ನ ಗ್ರಾಹಕರಿಗೆ ಬರುತ್ತಿದ್ದ ಲೆಕ್ಕಪತ್ರವನ್ನು ಅವನ ಕಚೇರಿಯೇ ತಯಾರಿಸುತ್ತಿತ್ತು, ಹೂಡಿಕೆಯನ್ನು ಕಾಪಿಡುತ್ತಿದ್ದದ್ದೂ ಅವನೇ ಅಂತ ಹೇಳಲಾಗುತ್ತಿತ್ತು. ಹಾಗಾಗಿ ಕೊನೆಯ ಪರಿಶೀಲನೆ ಇದು: ನೀವು ಕೊಂಡದ್ದು ಷೇರೋ ಬಾಂಡೋ ಆಗಿದ್ದರೆ, ಅದು ನಿಮ್ಮ ಹೆಸರಿನಲ್ಲಿ ಇದೆ ಅಂತ ಮೂರನೆಯವರೊಬ್ಬರು ಹೇಳುತ್ತಾರೆಯೇ? ಮಾರಿದವರ ಆ್ಯಪ್ ಬಿಟ್ಟು, ಷೇರು ಯಾರ ಹೆಸರಿನಲ್ಲಿದೆ ಅಂತ ದಾಖಲೆ ಇಡುವ ಡಿಪಾಸಿಟರಿಯಿಂದ ಅಥವಾ ಹೂಡಿಕೆಯನ್ನು ಕಾಪಿಡುವ, ಮಾರಿದವರಿಗೆ ಸಂಬಂಧವಿಲ್ಲದ ಕಸ್ಟೋಡಿಯನ್‌ನಿಂದ ನೇರವಾಗಿ ನಿಮಗೆ ವರದಿ ಬರಬೇಕು.

ಈಗಾಗಲೇ ಹಣ ಹೋಗಿದ್ದರೆ ಇನ್ನು ಒಂದು ಪೈಸೆಯನ್ನೂ ಕಳಿಸಬೇಡಿ. ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ, ಪೊಲೀಸರಿಗೆ ದೂರು ಕೊಡಿ. ಗ್ರೂಪಿನಿಂದ ಹೊರಬರುವ ಮೊದಲು ಚಾಟ್, ಖಾತೆ ಸಂಖ್ಯೆ, ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ. ಕೆಲವು ದಿನ ಬಿಟ್ಟು “ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಕಟ್ಟಿ” ಅಂತ ಇನ್ನೊಬ್ಬರು ಕರೆ ಮಾಡಬಹುದು. ನಿಮ್ಮ ನಂಬರ್ ಅವರಿಗೆ ಕೊಟ್ಟಿದ್ದು ಅದೇ ಗ್ರೂಪಿನವರಾಗಿರಬಹುದು.